ಮುಂದಿನ ಬೆಟ್ಟ, ಹಿಂದಿನ ಬೆಟ್ಟ

ಮೇಷ್ಟ್ರು ಫ್ರಿಜ್ಜಿನ ಬಾಗಿಲಿಗೆ ಆ ಹಾಳೆಯನ್ನು ಅಂಟಿಸಿ ಒಂದು ವಾರವಾಗಿತ್ತು. ಹಾಲು ತೆಗೆಯಲು ಹೋದವರು, ನೀರು ಕುಡಿಯಲು ಹೋದವರು, ಸುಮ್ಮನೆ ಬಾಗಿಲು ತೆಗೆದು ಒಳಗೇನಿದೆ ಎಂದು ಇಣುಕಲು ಹೋದವರು, ಎಲ್ಲರೂ ಅದರ ಕಡೆ ಒಂದು ಕಣ್ಣು ಹಾಯಿಸಿಯೇ ಬರುತ್ತಿದ್ದರು. ಕುಳ್ಳಿ ಒಬ್ಬಳನ್ನು ಬಿಟ್ಟು.

ಕುಳ್ಳಿ ಎಂದರೆ ಮೇಷ್ಟ್ರ ಮಗಳು. ಹುಟ್ಟಿದಾಗ ಮುಷ್ಟಿಯಷ್ಟಿದ್ದಳೆಂದು ಅಜ್ಜಿ ಇಟ್ಟ ಹೆಸರು. ಈಗ ಹದಿನಾರು ವರ್ಷ, ಅಮ್ಮನಿಗಿಂತ ಎರಡು ಬೆರಳು ಎತ್ತರ. ಹೆಸರು ಮಾತ್ರ ಬೆಳೆದಿರಲಿಲ್ಲ. ಮುಂದಿನ ತಿಂಗಳು ಓದಲು ಬೇರೆ ಊರಿನ ಹಾಸ್ಟೆಲ್ಲಿಗೆ ಹೋಗುವವಳು. ಹಾಸ್ಟೆಲ್ಲಿನ ಪಟ್ಟಿಯಂತೆ ಎರಡು ಬೆಡ್‌ಶೀಟು, ಒಂದು ಬಕೆಟ್ಟು, ಒಂದು ಬೀಗ ಈಗಾಗಲೇ ಮನೆಯ ಮೂಲೆ ಸೇರಿದ್ದವು.

ಅವಳ ಅಮ್ಮ ಆಸ್ಪತ್ರೆಯಲ್ಲಿ ಹೆಡ್ ನರ್ಸ್. ಆಸ್ಪತ್ರೆಯಲ್ಲಿ ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು, ಬೀದಿಯಲ್ಲೂ ಹಾಗೇ ಕರೆಯುತ್ತಿದ್ದರು, ಕೊನೆಗೆ ಸಿಟ್ಟು ಬಂದಾಗ ಮೇಷ್ಟ್ರೂ ಹಾಗೇ ಕರೆಯುತ್ತಿದ್ದರು. ಮೂರು ಜನರ ಡ್ಯೂಟಿ ಅದಲುಬದಲು ಮಾಡಿಸಿ, ಇಬ್ಬರ ಕೈಕಾಲು ಹಿಡಿದು, ಸಿಸ್ಟರ್ ನಾಲ್ಕು ದಿನದ ರಜೆ ಗಿಟ್ಟಿಸಿದ್ದಳು. ಈ ತಿಂಗಳ ಕೊನೆಯ ಸೋಮವಾರದಿಂದ ಗುರುವಾರ. ಮಗಳು ಹೋಗುವ ಮುಂಚೆ ನಾಲ್ಕು ದಿನ, ಎಲ್ಲಾದರೂ ತಣ್ಣಗಿರುವ ಕಡೆ, ಅವಳ ಜೊತೆ. ಅಷ್ಟೇ ಅವಳ ಆಸೆ.

ಹೇಳಿದಾಗ ಕುಳ್ಳಿ ಮೊಬೈಲಿನಿಂದ ತಲೆ ಎತ್ತದೆ, "ನೀವು ಹೋಗ್ಬನ್ನಿ. ನಾನು ದೊಡ್ಡಮ್ಮನ ಮನೇಲಿರ್ತೀನಿ" ಎಂದಿದ್ದಳು.

ಜಗಳವಾಗಿದ್ದರೆ ವಾಸಿ ಎನಿಸಿತ್ತು ಸಿಸ್ಟರ್‌ಗೆ. ಜಗಳಕ್ಕೆ ಮದ್ದಿದೆ. ಅವಳು ಹೇಳಿದ್ದು, ಸಂಜೆ ಟ್ಯೂಷನ್ನಿಗೆ ಹೋಗ್ತೀನಿ ಎನ್ನುವಷ್ಟು ಸಲೀಸಾಗಿ. ಒಳ್ಳೆ ಜಾಗ ಆರಿಸಿದರೆ ಬಂದೇ ಬರುತ್ತಾಳೆ, ಎಲ್ಲಾ ಜಾಗದ ಮೇಲೇ ನಿಂತಿದೆ ಎಂದು ಸಿಸ್ಟರ್ ಹಟ ಹಿಡಿದಳು. ಹಾಗೆ ಶುರುವಾದದ್ದು ಹಾಳೆಯ ಪುರಾಣ.

ಆರಿಸಬೇಕಾದದ್ದು ಎರಡರಲ್ಲಿ ಒಂದು. ಇವರ ಊರಿಂದ ಐದು ಗಂಟೆ ಹೋದರೆ ಮೊದಲು ಸಿಗುವುದನ್ನು ಮನೆಯಲ್ಲಿ ಮುಂದಿನ ಬೆಟ್ಟ ಎನ್ನುತ್ತಿದ್ದರು, ಅದರ ಬೆನ್ನಿಗೆ ಇನ್ನೆರಡು ಗಂಟೆ ಸುತ್ತಿದರೆ ಸಿಗುವುದು ಹಿಂದಿನ ಬೆಟ್ಟ. ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ. ಎರಡರಲ್ಲೂ ಒಂದೊಂದು ಕೆರೆ, ಪೈನ್ ಮರ, ಸೂರ್ಯೋದಯ ನೋಡುವ ಕಟ್ಟೆ. ಚಿತ್ರ ನೋಡಿದರೆ ಯಾವುದು ಯಾವುದೆಂದು ದೇವರಿಗೇ ಗೊತ್ತು. ಮುಂದಿನದಕ್ಕೆ ದೋಣಿ, ರೋಪ್‌ವೇ, ದೀಪ ಹಚ್ಚಿದ ಪೇಟೆಬೀದಿ. ಹಿಂದಿನದಕ್ಕೆ ಕಾಲುದಾರಿ, ಒಂದು ಜಲಪಾತ, ಸಂಜೆ ಆರಕ್ಕೆ ಕದ ಹಾಕುವ ನಾಲ್ಕು ಅಂಗಡಿ.

ಮೇಷ್ಟ್ರು ಕಲಿಸುವುದು ಗಣಿತ. ಯಾವುದನ್ನೂ ಬಾಯಿಮಾತಿಗೆ ಬಿಡುವ ಆಸಾಮಿಯಲ್ಲ. ಹಾಳೆಯಲ್ಲಿ ಆರು ಅಡ್ಡಸಾಲು ಎಳೆದರು: ಹವೆ, ಜನಸಂದಣಿ, ಮಾಡಲು ಏನಿದೆ, ಖರ್ಚು, ಓಡಾಟ, ಫೋನ್ ಸಿಗ್ನಲ್. ಪ್ರತಿ ಸಾಲಿನಲ್ಲೂ ಎರಡು ಬೆಟ್ಟಕ್ಕೂ ಐದಕ್ಕೆ ಇಷ್ಟು ಅಂತ ಅಂಕ. ಪಕ್ಕದಲ್ಲಿ ಮನೆಯ ನಾಲ್ವರಿಗೆ ನಾಲ್ಕು ಕಾಲಂ. ಯಾರಿಗೆ ಯಾವುದು ಎಷ್ಟು ಮುಖ್ಯ ಎಂದು ಅವರವರೇ ಹತ್ತಕ್ಕೆ ಬರೆಯಬೇಕು. ಅಂಕವನ್ನೂ ಮುಖ್ಯವನ್ನೂ ಗುಣಿಸಿ ಕೂಡಿದರೆ ಬೆಟ್ಟ ತಾನಾಗಿ ಬಂದು ಕೈ ಕಟ್ಟಿ ನಿಲ್ಲುತ್ತದೆ.

"ಇದರಲ್ಲಿ ಪಕ್ಷಪಾತಕ್ಕೆ ಜಾಗಾನೇ ಇಲ್ಲ" ಎಂದರು ಮೇಷ್ಟ್ರು, ಅಡಿಪಟ್ಟಿ ಒರೆಸಿಡುತ್ತ.

"ನೀನು ಹುಡುಗಿ ನೋಡೋಕೆ ಹೋದಾಗ್ಲೂ ಹಿಂಗೇ ಹಾಳೆ ತಗೊಂಡು ಹೋಗಿದ್ಯೇನೋ?" ಎಂದರು ಅವರ ತಾಯಿ, ಕುಳ್ಳಿಯ ಅಜ್ಜಿ. ಸಿಸ್ಟರ್ ನಕ್ಕಳು. ಮೇಷ್ಟ್ರು ಅಡಿಪಟ್ಟಿಯನ್ನು ಮತ್ತೊಮ್ಮೆ ಒರೆಸತೊಡಗಿದ್ದು ನೋಡಿ ನಗು ನಿಲ್ಲಿಸಿದಳು.

ಮೊದಲ ಸಾಲಿನಲ್ಲೇ ಎಡವಟ್ಟಾಯಿತು. ಮೇಷ್ಟ್ರು ಎಲ್ಲೋ ನೋಡಿ ಮುಂದಿನ ಬೆಟ್ಟದ ಹಗಲಿನ ಉಷ್ಣಾಂಶ ಮೂವತ್ತೆರಡು, ಹಿಂದಿನದು ಇಪ್ಪತ್ತಮೂರು ಎಂದು ಬರೆದುಕೊಂಡು, ಮುಂದಿನದಕ್ಕೆ ಐದಕ್ಕೆ ಒಂದು ಹಾಕಿದ್ದರು. ಶಾಲೆಯ ಭೂಗೋಳದ ಮೇಡಂ ಚಹಾ ಹೊತ್ತಿನಲ್ಲಿ ಅದನ್ನು ಕೇಳಿ, "ಅಲ್ಲಾ ಸಾರ್, ಹೆಚ್ಚುಕಮ್ಮಿ ಒಂದೇ ಎತ್ತರ, ಅಕ್ಕಪಕ್ಕದ ಬೆಟ್ಟ, ಒಂಬತ್ತು ಡಿಗ್ರಿ ವ್ಯತ್ಯಾಸ ಎಲ್ಲಿಂದ ಬಂತು? ಆ ಲೆಕ್ಕ ಎಲ್ಲಿ ಅಳೆದಿದ್ದು ನೋಡಿದ್ರಾ?" ಎಂದರು. ನೋಡಿದರೆ, ಮುಂದಿನ ಬೆಟ್ಟದ ಹೆಸರಲ್ಲಿದ್ದ ಅಂಕಿ ಬೆಟ್ಟದ್ದಲ್ಲ, ಬೆಟ್ಟದ ಬುಡದ ರೈಲ್ವೆ ಸ್ಟೇಷನ್ನಿನದು. ಬುಡಕ್ಕೂ ತುದಿಗೂ ಸಾವಿರದ ಮುನ್ನೂರು ಮೀಟರು ಅಂತರ. ಸಾವಿರ ಮೀಟರ್ ಹತ್ತಿದರೆ ಆರು ಆರೂವರೆ ಡಿಗ್ರಿ ಇಳಿಯುತ್ತದೆ. ಅಲ್ಲಿಗೆ ಎರಡರ ಹವೆಯೂ ಸರಿಸಮ. ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡು ಬಂದು ಅಂಕ ತಿದ್ದಿದರು. ಶನಿವಾರ ಭಾನುವಾರ ಬಿಟ್ಟು ವಾರದ ಮಧ್ಯೆ ಹೋಗುತ್ತಿರುವುದು ಒಳ್ಳೆಯದೇ, ರೂಮಿನ ಬಾಡಿಗೆಯೂ ಇಳಿದಿರುತ್ತೆ, ಜನವೂ ಇಳಿದಿರುತ್ತಾರೆ ಎಂದು ಹೇಳಿದವರೂ ಆ ಮೇಡಮ್ಮೇ.

ಸಿಸ್ಟರ್‌ಗೆ ಅಂಕಿಗಿಂತ ಕಣ್ಣಲ್ಲಿ ಕಂಡವರ ಮಾತಿನಲ್ಲಿ ನಂಬಿಕೆ. ಎರಡೂ ಬೆಟ್ಟದ ಬಸ್ ನಿಲ್ದಾಣಕ್ಕೆ ಫೋನ್ ಮಾಡಿದಳು. ಹವೆ ಹೇಗಿದೆ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ, ಹೇಗಿದ್ದೀರಿ ಎಂದರೆ ರೋಗಿ ಆರಾಮಾಗಿದ್ದೀನಿ ಎಂದ ಹಾಗೆ. "ಈಗ ಬಸ್ಸಿಂದ ಇಳೀತಿರೋರು ಏನು ಹಾಕ್ಕೊಂಡಿದಾರೆ?" ಎಂದು ಕೇಳಿದಳು. ಎರಡೂ ಕಡೆಯಿಂದ ಬಂದ ಉತ್ತರ ಒಂದೇ: ಬೆಳಿಗ್ಗೆ ಬಂದವರ ಸ್ವೆಟರು ಸೊಂಟಕ್ಕೆ ಕಟ್ಟಿದೆ, ಮಧ್ಯಾಹ್ನ ಮೂರರ ಬಸ್ಸಿನವರು ಕೊಡೆ ಹುಡುಕುತ್ತಿದ್ದಾರೆ. ಮಧ್ಯಾಹ್ನದ ಮೇಲೆ ಒಂದು ಸಣ್ಣ ಮಳೆ ಎರಡೂ ಕಡೆ ಗ್ಯಾರಂಟಿ. ಹವೆಯ ಸಾಲಿಂದ ಏನೂ ತೀರ್ಮಾನವಾಗಲಿಲ್ಲ.

ಖರ್ಚಿನಲ್ಲೂ ಹಾಗೇ. ಹಿಂದಿನ ಬೆಟ್ಟದಲ್ಲಿ ರೂಮು ಅಗ್ಗ, ಆದರೆ ಅಲ್ಲಿ ಸಿಟಿ ಬಸ್ಸಿಲ್ಲ, ಎಲ್ಲಿಗೆ ಹೋದರೂ ಟ್ಯಾಕ್ಸಿ. ಮುಂದಿನದರಲ್ಲಿ ರೂಮು ತುಟ್ಟಿ, ಓಡಾಟ ಸಲೀಸು. ಕೂಡಿದರೆ ಅಲ್ಲಿಗಲ್ಲಿಗೆ.

ಶನಿವಾರದ ಹೊತ್ತಿಗೆ ಮೂರು ಕಾಲಂ ತುಂಬಿದ್ದವು. ಕುಳ್ಳಿಯದು ಖಾಲಿ. "ಆಮೇಲೆ ಬರೀತೀನಿ" ಎಂದು ಒಮ್ಮೆ, "ನಾನು ಬರಲ್ಲ ಅಂದ್ನಲ್ಲಾ" ಎಂದು ಇನ್ನೊಮ್ಮೆ. ಮುಂದಿನ ಬೆಟ್ಟದ ಲಾಡ್ಜಿನವನು ಮಂಗಳವಾರ ಬೆಳಿಗ್ಗೆಯವರೆಗೆ ಮಾತ್ರ ರೂಮು ಹಿಡಿದಿಡುತ್ತೇನೆ ಎಂದಿದ್ದ. ಸಿಸ್ಟರ್ ಪೆನ್ಸಿಲ್ ತೆಗೆದುಕೊಂಡಳು.

ಇಪ್ಪತ್ತೆರಡು ವರ್ಷದ ಅಭ್ಯಾಸ. ಹಾಸಿಗೆ ಮೇಲಿರುವವರು ಬಾಯಿ ಬಿಡದಿದ್ದರೆ ಪಕ್ಕದಲ್ಲಿ ನಿಂತವರನ್ನು ಕೇಳಿ ಕೇಸ್ ಶೀಟು ತುಂಬಬೇಕು. ಖಾಲಿ ಬಿಟ್ಟರೆ ಡಾಕ್ಟರು ಬೈಯುತ್ತಾರೆ. ಇಲ್ಲಿ ಪಕ್ಕದಲ್ಲಿ ನಿಂತವಳೂ ಅವಳೇ, ಬರೆಯುವವಳೂ ಅವಳೇ. ಮಾಡಲು ಏನಿದೆ: ಹತ್ತು. ದೋಣಿ ಕಂಡರೆ ಕುಣಿಯುತ್ತಿದ್ದ ಹುಡುಗಿಯಲ್ಲವೇ. ಹವೆ ಆರು, ಖರ್ಚು ಎರಡು. ಫೋನ್ ಸಿಗ್ನಲ್: ಒಂಬತ್ತು. ಇದಕ್ಕಂತೂ ಯೋಚಿಸಲೇ ಬೇಕಾಗಲಿಲ್ಲ. ಮೊಬೈಲ್ ಇಲ್ಲದೆ ಬಚ್ಚಲಿಗೂ ಹೋಗದ ಮಗಳು.

ಮೇಷ್ಟ್ರು ಭಾನುವಾರ ಊಟವಾದ ಮೇಲೆ ಗುಣಿಸಿ ಕೂಡಿದರು. ಮುಂದಿನ ಬೆಟ್ಟ ಏಳುನೂರ ನಲವತ್ತೆಂಟು. ಹಿಂದಿನದು ಏಳುನೂರ ಮೂವತ್ತೊಂದು.

"ಗೆದ್ದಿತು ನೋಡು" ಎಂದು ಅದರ ಸುತ್ತ ಕೆಂಪು ವೃತ್ತ ಹಾಕಿದರು.

ಕುಳ್ಳಿ ಆಗ ತಣ್ಣೀರಿಗೆಂದು ಬಂದವಳು ಬಾಟಲಿ ಕೈಯಲ್ಲಿ ಹಿಡಿದು ಹಾಳೆಯ ಮುಂದೆ ನಿಂತಳು. ವಾರದಲ್ಲಿ ಮೊದಲ ಸಲ.

"ನನ್ನ ಕಾಲಂ ಯಾರು ತುಂಬಿದ್ದು?"

ಅಜ್ಜಿ ಸೀರೆಯ ಸೆರಗಲ್ಲಿ ಇಲ್ಲದ ದಾರ ಹುಡುಕಿದರು.

"ನಾನೇ" ಎಂದಳು ಸಿಸ್ಟರ್. "ನೀನು ಬರೀಲಿಲ್ಲ. ನಿಂಗೇನಿಷ್ಟ ಅಂತ ನಂಗೊತ್ತಿಲ್ವಾ?"

"ಗೊತ್ತಾ?" ಕುಳ್ಳಿ ಬೆರಳಿಟ್ಟು ಒಂದೊಂದೇ ಓದಿದಳು. "ದೋಣಿಗೆ ಹತ್ತು. ಅಮ್ಮಾ, ನಂಗೆ ದೋಣೀಲಿ ತಲೆ ಸುತ್ತುತ್ತೆ. ಎಂಟನೇ ಕ್ಲಾಸಿಂದ." ಬಾಟಲಿ ವಾಪಸ್ಸಿಟ್ಟು ಬಾಗಿಲು ಮೆಲ್ಲಗೆ ಹಾಕಿದಳು. "ಇದರಲ್ಲಿ ಬರೋ ಹುಡುಗೀನ ಕರ್ಕೊಂಡು ಹೋಗಿ. ನಾನು ದೊಡ್ಡಮ್ಮನ ಮನೆಗೆ ಹೋಗ್ತೀನಿ."

ರೂಮಿನ ಬಾಗಿಲನ್ನೂ ಮೆಲ್ಲಗೇ ಹಾಕಿಕೊಂಡಳು. ಧಡಾರೆಂದು ಹಾಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ವಾರ್ಡಿನಲ್ಲಿ ಎಂಟನೇ ಹಾಸಿಗೆಗೆ ಹೊಸ ರೋಗಿ. ಎಪ್ಪತ್ತು ದಾಟಿದ ಮುದುಕ, ನಿವೃತ್ತ ಟೈಲರು. ಪಕ್ಕದಲ್ಲಿ ಅವನ ಮಗ, ಇಸ್ತ್ರಿ ಮಾಡಿದ ಷರಟು, ಕೈಯಲ್ಲಿ ಹಳೆ ರಿಪೋರ್ಟುಗಳ ಕಟ್ಟು. ಸಿಸ್ಟರ್ ಕೇಳುತ್ತ ಹೋದಳು, ಮಗ ಪಟಪಟ ಹೇಳುತ್ತ ಹೋದ. ಊಟ? ಸರಿಯಾಗಿ ಮಾಡ್ತಾರೆ. ಹೊಟ್ಟೆ? ಏನೂ ತೊಂದ್ರೆ ಇಲ್ಲ. ನಿದ್ದೆ?

"ಚೆನ್ನಾಗಿ ನಿದ್ದೆ ಮಾಡ್ತಾರೆ ಸಿಸ್ಟರ್. ಒಂಬತ್ತಕ್ಕೆ ದೀಪ ಆರಿಸಿಬಿಡ್ತಾರೆ."

ಸಿಸ್ಟರ್ ಬರೆದಳು. ಮುದುಕ ಚಾವಣಿ ನೋಡುತ್ತಲೇ, "ದೀಪ ಆರಿಸ್ತೀನಿ" ಎಂದ. "ನಿದ್ದೆ ಬಂದು ಮೂರು ವಾರ ಆಯ್ತು."

"ಅಪ್ಪಾ, ನಂಗೆ ಹೇಳ್ಲೇ ಇಲ್ವಲ್ಲ!"

"ನೀನೆಲ್ಲಪ್ಪಾ ಕೇಳ್ದೆ? ದೀಪ ಆರಿದ್ಯಾ ಅಂತ ನೋಡ್ಕೊಂಡು ಹೋಗ್ತಿದ್ದೆ."

ಸಿಸ್ಟರ್ ಬರೆದದ್ದನ್ನು ಹೊಡೆದು ಹಾಕಿದಳು. ಕುರ್ಚಿ ಎಳೆದುಕೊಂಡು ಮುದುಕನ ಕಡೆ ತಿರುಗಿ ಕೂತಳು, ಮೊದಲ ಪ್ರಶ್ನೆಯಿಂದ ಮತ್ತೆ ಶುರುಮಾಡಿದಳು. ಕಾಲು ಗಂಟೆಯ ಕೆಲಸ ಮುಕ್ಕಾಲು ಗಂಟೆಯಾಯಿತು. ಅಷ್ಟರಲ್ಲಿ ಅವಳ ಜೇಬಿನ ಫೋನು ಐದು ಸಲ ಹೊಡೆದುಕೊಂಡಿತ್ತು. ಮಗನನ್ನು ನೋಡಿದರೆ ಪಾಪ ಎನಿಸಿತು. ಪ್ರೀತಿ ಇಲ್ಲದವನಲ್ಲ. ಎಲ್ಲಾ ಗೊತ್ತಿದೆ ಅಂದುಕೊಂಡವನು, ಅಷ್ಟೇ.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಫ್ರಿಜ್ಜಿಗೆ ಹೋದಳು. ಹಾಳೆ ಕಿತ್ತು ಊಟದ ಮೇಜಿನ ಮೇಲೆ ಹರಡಿದಳು. ಮೇಷ್ಟ್ರ ಪೆಟ್ಟಿಗೆಯಿಂದ ರಬ್ಬರು ತಂದು ಕುಳ್ಳಿಯ ರೂಮಿನ ಬಾಗಿಲು ತಟ್ಟಿದಳು.

"ಒಂದ್ನಿಮಿಷ ಬಾ. ಒರೆಸೋದು ನೀನೇ ಮಾಡು."

ಕುಳ್ಳಿ ಬಂದಳು. ಅಮ್ಮನ ಯೂನಿಫಾರಂ ಇನ್ನೂ ಮೈಮೇಲೇ ಇರುವುದನ್ನು ನೋಡಿದಳು. ಕುರ್ಚಿ ಎಳೆದು ಕೂತು ಹಾಳೆ ನೋಡಿದಳು.

"ನೀನು ಬರದಿದ್ರೂ ಪರವಾಗಿಲ್ಲ" ಎಂದಳು ಸಿಸ್ಟರ್. "ಆದ್ರೆ ನಿಂಗೇನಿಷ್ಟ ಅಂತ ಗೊತ್ತಿಲ್ಲದೇನೇ ಬರೆದೆ ಅನ್ನೋದು ಈಗ ಗೊತ್ತಾಗಿದೆ. ಹೋಗಿದ್ರೆ ನಿಂಗೇನು ಬೇಕಿತ್ತು, ಅದನ್ನಾದ್ರೂ ಹೇಳು."

ಹಾಲಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಮೇಷ್ಟ್ರ ಕೆಂಪು ಪೆನ್ನು ನಿಂತಿತು. ಅಜ್ಜಿ ಟೀವಿಯ ಸದ್ದು ಇಳಿಸಿದರು.

ಕುಳ್ಳಿ ಉಳಿದ ಸಾಲುಗಳನ್ನು ಮುಟ್ಟಲಿಲ್ಲ. ಕೊನೆಯ ಸಾಲಿನ ಒಂಬತ್ತನ್ನು ಒರೆಸಿದಳು. ಪುಡಿ ಊದಿದಳು. ಆ ಜಾಗದಲ್ಲಿ ಒಂದು ಸಣ್ಣ ಗೆರೆ ಎಳೆದು ಪಕ್ಕದಲ್ಲಿ ಹತ್ತು ಬರೆದಳು.

ಮೇಷ್ಟ್ರು ಎದ್ದು ಬಂದು ಇಣುಕಿದರು. "ಇದೇನಿದು, ಮೈನಸ್ ಹತ್ತು? ಹಂಗೆಲ್ಲಾ ಬರೆಯೋಕೆ ಬರಲ್ಲಮ್ಮ. ಸೊನ್ನೆಯಿಂದ ಹತ್ತರವರೆಗೆ."

"ಸೊನ್ನೆ ಅಂದ್ರೆ ಸಿಗ್ನಲ್ ಇದ್ರೂ ಸರಿ, ಇಲ್ದಿದ್ರೂ ಸರಿ ಅಂತ. ನಂಗೆ ಇರಬಾರದು. ಅದಕ್ಕೆ ಏನು ಬರೀಬೇಕು ಹೇಳಿ ಅಪ್ಪಾ."

ಗಣಿತ ಅವಳ ಕಡೆಗಿತ್ತು.

"ನಿನ್ನ ಮೊಬೈಲು?" ಎಂದಳು ಸಿಸ್ಟರ್.

"ನನ್ನದಲ್ಲಮ್ಮ. ನಿನ್ನದು." ಕುಳ್ಳಿ ಪೆನ್ಸಿಲನ್ನು ಮೇಜಿನ ಮೇಲೆ ಉರುಳಿಸುತ್ತಿದ್ದಳು. "ಹೋದ ವರ್ಷ ಸಮುದ್ರಕ್ಕೆ ಹೋದ್ವಲ್ಲ. ನಾನು ಅಲೆ ಬಂತು ಬಂತು ಅಂತ ಕೂಗ್ತಿದ್ದೆ. ನೀನು ಮೊಣಕಾಲು ನೀರಲ್ಲಿ ನಿಂತ್ಕೊಂಡು ಯಾರಿಗೋ ಡ್ರಿಪ್ ಎಷ್ಟು ಹನಿ ಬಿಡಬೇಕು ಅಂತ ಹೇಳ್ತಿದ್ದೆ. ಅಲೆ ಬಂದು ಹೋಯ್ತು. ಆಮೇಲೆ ನೀನು ಏನಂದೆ ಗೊತ್ತಾ? 'ಹೂಂ ಚಿನ್ನ, ನೋಡ್ದೆ' ಅಂದೆ."

ಸಿಸ್ಟರ್‌ಗೆ ಸಮುದ್ರ ನೆನಪಿತ್ತು. ಆ ಫೋನೂ ನೆನಪಿತ್ತು, ಯಾವ ರೋಗಿ ಎನ್ನುವುದೂ. ಅಲೆ ನೆನಪಿರಲಿಲ್ಲ.

"ಬೆಟ್ಟಕ್ಕೆ ಹೋಗಿ ಅದನ್ನೇ ಮಾಡೋದಾದ್ರೆ ದೊಡ್ಡಮ್ಮನ ಮನೇಲಿ ಟೀವಿ ದೊಡ್ಡದಿದೆ" ಎಂದಳು ಕುಳ್ಳಿ. ಸಿಟ್ಟಿನ ದನಿಯಲ್ಲ, ಲೆಕ್ಕ ಒಪ್ಪಿಸುವ ದನಿ.

ಮೇಷ್ಟ್ರು ಏನಾದರೂ ಮಾಡಬೇಕಲ್ಲ ಎಂದು ಗುಣಿಸಲು ಕೂತರು. ಸಿಗ್ನಲ್ಲಿಗೆ ಮುಂದಿನ ಬೆಟ್ಟಕ್ಕೆ ಐದು ಅಂಕ, ಹಿಂದಿನದಕ್ಕೆ ಒಂದು. ಒಂಬತ್ತು ಹೋಗಿ ಮೈನಸ್ ಹತ್ತು ಬಂದರೆ, ಮುಂದಿನದು ಆರುನೂರ ಐವತ್ತಮೂರಕ್ಕೆ ಕುಸಿಯಿತು, ಹಿಂದಿನದು ಏಳುನೂರ ಹನ್ನೆರಡಕ್ಕೆ ನಿಂತಿತು. "ಹಿಂದಿನ ಬೆಟ್ಟ" ಎಂದು ಘೋಷಿಸಿದರು.

"ತಡಿಯೋ" ಎಂದರು ಅಜ್ಜಿ. "ಮೈನಸ್ ಹಾಕ್ಬಹುದು ಅಂತ ಮೊದಲೇ ಯಾಕೆ ಹೇಳ್ಲಿಲ್ಲ? ಜನಸಂದಣಿಗೆ ನಾನು ಎಷ್ಟು ಹಾಕಿದೀನಿ?"

"ಹತ್ತು. ಅಂದ್ರೆ ಜನ ಕಡಿಮೆ ಇರೋದು ನಿಂಗೆ ಬಹಳ ಮುಖ್ಯ."

"ನಿನ್ನ ತಲೆ! ಜನ ಇರೋದು ಮುಖ್ಯ ಅಂತ ಹಾಕಿದ್ದು ನಾನು. ಬೆಳಗಾದ್ರೆ ನೀನು ಶಾಲೆಗೆ, ಅವಳು ಆಸ್ಪತ್ರೆಗೆ, ಇವಳು ಕಾಲೇಜಿಗೆ. ಇಡೀ ದಿನ ನಾನೂ ಗೋಡೆನೂ. ಅಲ್ಲಿಗೂ ಹೋಗಿ ಮರ ನೋಡ್ಕೊಂಡು ಕೂತ್ಕೊಳ್ಳಾ? ನಂಗೆ ಜನ ನೋಡ್ಬೇಕು. ಯಾರ ಮಗು ಅಳ್ತಿದೆ, ಯಾರ ಗಂಡ ಮುನಿಸ್ಕೊಂಡಿದಾನೆ, ಯಾವ ಮದುಮಗಳು ಎಂಥ ಸೀರೆ ಉಟ್ಟಿದಾಳೆ, ಅದೆಲ್ಲಾ."

ಕುಳ್ಳಿ ಕಿಸಕ್ಕನೆ ನಕ್ಕಳು. ರಬ್ಬರು ಅಜ್ಜಿಯ ಕಡೆ ತಳ್ಳಿದಳು. ಅಜ್ಜಿಯ ಹತ್ತೂ ಮೈನಸ್ಸಾಯಿತು. ಜನ ಕಡಿಮೆ ಎನ್ನುವುದಕ್ಕೆ ಮುಂದಿನ ಬೆಟ್ಟಕ್ಕೆ ಒಂದೇ ಅಂಕವಿತ್ತು, ಹಿಂದಿನದಕ್ಕೆ ನಾಲ್ಕು. ಮೇಷ್ಟ್ರು ಕೂಡಿ ಕಳೆದು, ಮತ್ತೊಮ್ಮೆ ಕೂಡಿ, ಕನ್ನಡಕ ತೆಗೆದರು.

"ಮುಂದಿನದು ಆರುನೂರ ಮೂವತ್ತಮೂರು. ಹಿಂದಿನದು ಆರುನೂರ ಮೂವತ್ತೆರಡು."

"ಒಂದೇ ಅಂಕ" ಎಂದಳು ಕುಳ್ಳಿ. ನಗು ಹೋಗಿತ್ತು.

"ಒಂದಾದ್ರೂ ಗೆಲುವು ಗೆಲುವೇ. ಮೂವತ್ತೈದು ಬಂದವನು ಪಾಸು, ಮೂವತ್ತನಾಲ್ಕು ಫೇಲು. ನಾನೇನು ಮಾಡ್ಲಿ?" ಮೇಷ್ಟ್ರಿಗೆ ನಿಜವಾಗಿಯೂ ಬೇಜಾರಾಗಿತ್ತು, ಆದರೆ ಹಾಳೆಗೆ ಮೋಸ ಮಾಡುವಂತಿರಲಿಲ್ಲ.

ಸಿಸ್ಟರ್ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಇಡೀ ವಾರ ಏನೋ ಕೊರೆಯುತ್ತಿತ್ತು, ಏನೆಂದು ಈಗ ಹೊಳೆಯಿತು.

"ರೀ, ನನ್ನ ವಾರ್ಡಲ್ಲಿ ಇಪ್ಪತ್ನಾಲ್ಕು ಹಾಸಿಗೆ. ಎಲ್ಲರ ಜ್ವರ ಕೂಡಿ ಇಪ್ಪತ್ನಾಲ್ಕರಿಂದ ಭಾಗಿಸಿ, ವಾರ್ಡಿಗೆ ಜ್ವರ ಇಲ್ಲ ಅಂತ ನಾನು ಮನೆಗೆ ಬರೋಕಾಗುತ್ತಾ? ಎಂಟನೇ ಹಾಸಿಗೆಯವನು ನರಳ್ತಿದ್ರೆ ಅವನ ಹತ್ರ ಮೊದಲು ಹೋಗ್ತೀನಿ. ಉಳಿದವರು ತಡ್ಕೋತಾರೆ."

"ಅಂದ್ರೆ?"

"ಅಂದ್ರೆ ಕೂಡೋದು ಬೇಡ. ಯಾವುದು ಸಿಗದಿದ್ರೆ ಯಾರಿಗೆ ಹೋಗಿದ್ದೇ ದಂಡ ಅನಿಸುತ್ತೆ, ಅಷ್ಟು ಹೇಳಿ. ನಿಮಗೆ?"

ಮೇಷ್ಟ್ರು ಯೋಚಿಸಿದರು. ರೋಪ್‌ವೇ ಹತ್ತಬೇಕು ಅನ್ನುವ ಆಸೆ ಅವರಿಗಿದ್ದದ್ದು ಮನೆಗೆಲ್ಲಾ ಗೊತ್ತಿತ್ತು. "ದಂಡ ಅಂತೇನಿಲ್ಲ. ಬಿಸಿನೀರು ಬಂದ್ರೆ ಸಾಕು" ಎಂದರು.

"ಅತ್ತೆ, ನಿಮಗೆ?"

"ಜನ."

"ನಾಲ್ಕೂ ದಿನ ಬೇಕಾ? ಹಿಂದಿನ ಬೆಟ್ಟದಲ್ಲಿ ಉಳಿದ್ರೂ ವಾಪಸ್ ಬರೋ ದಾರೀಲೇ ಮುಂದಿನ ಬೆಟ್ಟ ಸಿಗುತ್ತೆ. ಗುರುವಾರ ಬೆಳಿಗ್ಗೆ ಬೇಗ ಹೊರಟ್ರೆ ಹತ್ತಕ್ಕೆ ಪೇಟೆಬೀದಿ. ಮೂರರವರೆಗೆ ಅಲ್ಲಿರೋಣ. ಮನೆಗೆ ರಾತ್ರಿ ಎಂಟಕ್ಕೆ."

ಅಜ್ಜಿ ಅನುಮಾನದಿಂದ ನೋಡಿದರು. "ಕೂರೋಕೆ ಬೆಂಚಿದೆಯಾ?"

"ಕೆರೆ ಸುತ್ತ ಇದೆಯಂತೆ. ಇವರು ರೋಪ್‌ವೇಗೆ ಸಾಲು ನಿಲ್ಲಲಿ, ನೀವು ಬೆಂಚಲ್ಲಿ ಕೂತು ಇಡೀ ಲೋಕ ನೋಡಿ."

"ಐದು ಗಂಟೆ ಹೊತ್ತು ನೋಡಿದ್ರೆ ನಂಗೂ ಸಾಕಾಗುತ್ತೆ ಬಿಡು" ಎಂದರು ಅಜ್ಜಿ, ದೊಡ್ಡ ಉಪಕಾರ ಮಾಡಿದವರಂತೆ. "ಆದ್ರೆ ಸುಮ್ನೆ ಕೂರಿಸಬಾರದು. ಏನಾದ್ರೂ ಬಿಸಿಬಿಸಿ ತಿನ್ನೋಕೆ ಕೊಡಿಸ್ಬೇಕು."

ಮೇಷ್ಟ್ರ ಮುಖ ಅರಳಿತು. "ಹೌದಲ್ವಾ! ಗದ್ದಲನ ಅರ್ಧ ದಿನಕ್ಕೆ ಹೋಗಿ ತಗೊಂಡ್ಬರಬಹುದು. ಕುಳ್ಳಿ ಕೇಳೋದು ಹಾಗೆ ಬರಲ್ಲ."

ಎಲ್ಲಾ ಸರಿಹೋಯಿತು ಎಂದು ಎಲ್ಲರೂ ಉಸಿರು ಬಿಟ್ಟ ಹೊತ್ತಿಗೆ ಸಿಸ್ಟರ್‌ಗೇ ವಾರ್ಡು ನೆನಪಾಯಿತು. ಮೂರು ರಾತ್ರಿ. ಫೋನಿಲ್ಲ. ಹೊಸದಾಗಿ ಸೇರಿದ ಹುಡುಗಿಯರಿಗೆ ಔಷಧಿ ಬೀರುವಿನ ಎರಡನೇ ಕೀ ಎಲ್ಲಿದೆ ಎಂದು ಗೊತ್ತಿಲ್ಲ.

"ಒಂದು ವಿಷಯ" ಎಂದಳು. "ಅತ್ತೆಗೆ ಸಕ್ಕರೆ ಕಾಯಿಲೆ. ಅಲ್ಲಿ ಅರ್ಧರಾತ್ರಿ ಏನಾದ್ರೂ ಏರುಪೇರಾದ್ರೆ? ಸಿಗ್ನಲ್ ಇಲ್ದೆ ಯಾರಿಗೆ ಅಂತ ಹೇಳೋದು? ನರ್ಸಾಗಿ ಹೇಳ್ತಿದೀನಿ ಅಷ್ಟೆ."

ಕುಳ್ಳಿ ಪೆನ್ಸಿಲ್ ಉರುಳಿಸುವುದನ್ನು ನಿಲ್ಲಿಸಿದಳು. "ಶುರುವಾಯ್ತು."

"ನನ್ನ ಸಕ್ಕರೆ ಮೇಲೆ ಹಾಕ್ಬೇಡ್ವೇ" ಎಂದರು ಅಜ್ಜಿ. "ಮೂರು ವರ್ಷದಿಂದ ನೆಟ್ಟಗಿದೆ, ನೀನೇ ಹೇಳಿದ್ದು."

ಸಿಸ್ಟರ್ ತಲೆ ತಗ್ಗಿಸಿದಳು. ಕೇಳಬೇಕಾದ ಪ್ರಶ್ನೆಯೇನೋ ಹೌದು. ಆದರೆ ಕೇಳಿದ್ದು ಅದಕ್ಕಲ್ಲ. ವಾರ್ಡು ತಾನಿಲ್ಲದೆ ನಡೆದುಬಿಟ್ಟರೆ ಎಂಬ ಭಯವೋ, ನಡೆಯದಿದ್ದರೆ ಎಂಬ ಭಯವೋ ಅವಳಿಗೇ ಸ್ಪಷ್ಟವಿರಲಿಲ್ಲ. ಮಗಳಿಗೆ ಮಾತ್ರ ಗಾಜಿನ ಹಾಗೆ ಕಂಡಿತ್ತು.

"ಹೌದು, ಕಾರಣ ಹುಡುಕ್ದೆ" ಎಂದಳು. "ನಂಗೆ ಹೆದರಿಕೆ ಆಗುತ್ತೆ ಕುಳ್ಳಿ. ಆದ್ರೆ ಅಜ್ಜಿ ವಿಷಯ ಕೇಳ್ಳೇಬೇಕು. ಕೇಳ್ತೀನಿ, ನಿನ್ನ ಮುಂದೇನೇ. ಉತ್ತರ ಸರಿಯಾಗಿದ್ರೆ ಬುಕ್ ಮಾಡ್ತೀನಿ."

ಹಿಂದಿನ ಬೆಟ್ಟದ ಲಾಡ್ಜಿಗೆ ಅಲ್ಲೇ ಫೋನ್ ಹಚ್ಚಿದಳು. ಎತ್ತಿದವರು ಲಾಡ್ಜಿನ ಯಜಮಾನಿ, ದನಿಯಲ್ಲೇ ಆತುರವಿಲ್ಲದ ಹೆಂಗಸು. ಸಿಸ್ಟರ್ ಒಂದೊಂದೇ ಕೇಳಿದಳು. ನೆಲಮಹಡಿಯ ರೂಮು ಇದೆಯಾ, ಬಚ್ಚಲಿಗೆ ಮೆಟ್ಟಿಲಿದೆಯಾ, ಬಿಸಿನೀರು ಎಷ್ಟು ಹೊತ್ತಿಗೆ, ಕಾರು ಬಾಗಿಲವರೆಗೆ ಬರುತ್ತಾ. ಹತ್ತಿರದ ಆಸ್ಪತ್ರೆ? ಇಪ್ಪತ್ತು ನಿಮಿಷ, ರಾತ್ರಿಯೂ ಡಾಕ್ಟರಿರ್ತಾರೆ. ಕರೆ ಮಾಡಬೇಕಾದರೆ? ಕೌಂಟರಿನಲ್ಲಿ ಲ್ಯಾಂಡ್‌ಲೈನ್ ಇದೆ, ನಾನೀಗ ಮಾತಾಡ್ತಿರೋದೂ ಅದರಲ್ಲೇ.

"ಮೊಬೈಲ್ ಸಿಗ್ನಲ್ ಪೂರ್ತಿ ಇಲ್ವಾ?" ಇದನ್ನು ಕೇಳಬೇಕಿರಲಿಲ್ಲ. ಬಾಯಿ ತಾನಾಗಿ ಕೇಳಿತು.

"ರೂಮಲ್ಲಿ ಇಲ್ಲಮ್ಮ. ಹೊರಗಡೆ ನೀರಿನ ಟ್ಯಾಂಕಿದೆ, ಅದರ ಹಿಂದಿನ ದಿಬ್ಬ ಹತ್ತಿದ್ರೆ ಬರುತ್ತೆ. ಬಂದೋರೆಲ್ಲಾ ಅಲ್ಲೇ ನಿಂತಿರ್ತಾರೆ, ಕೊಕ್ಕರೆ ತರ."

"ಹಾಗಾದ್ರೆ ಎರಡು ರೂಮು ಬರ್ಕೊಳ್ಳಿ" ಎಂದು ಹೇಳಿ, ದಿನಾಂಕ ಹೇಳಿ, ಸಿಸ್ಟರ್ ಫೋನಿಟ್ಟಳು.

ಮೂವರೂ ಅವಳನ್ನೇ ನೋಡುತ್ತಿದ್ದರು. ಯಜಮಾನಿಯ ಮಾತು ಯಾರಿಗೂ ಕೇಳಿಸಿರಲಿಲ್ಲ. ಆಸ್ಪತ್ರೆ ಇಪ್ಪತ್ತು ನಿಮಿಷ, ಲ್ಯಾಂಡ್‌ಲೈನ್ ಇದೆ, ರೂಮಾಯಿತು ಎಂದು ಹೇಳಿ ಮುಗಿಸಬಹುದಿತ್ತು. ದಿಬ್ಬ ಅಲ್ಲೇ ಇರುತ್ತಿತ್ತು. ಬೆಳಿಗ್ಗೆ ಎಲ್ಲರೂ ಏಳುವ ಮುಂಚೆ ವಾಕಿಂಗ್ ಎಂದು ಹೇಳಿ ಒಂದು ಸುತ್ತು ಹೋಗಿ ಬಂದರೆ ಯಾರಿಗೇನು ಗೊತ್ತಾಗುತ್ತಿತ್ತು.

"ಎಲ್ಲಾ ಇದೆ" ಎಂದಳು. ಆಮೇಲೆ, "ಟ್ಯಾಂಕಿನ ಹಿಂದೆ ಒಂದು ದಿಬ್ಬ ಇದೆಯಂತೆ. ಅದರ ಮೇಲೆ ನಿಂತ್ರೆ ಸಿಗ್ನಲ್ ಬರುತ್ತಂತೆ."

ಕುಳ್ಳಿ ಅವಳ ಮುಖವನ್ನು ತುಂಬ ಹೊತ್ತು ನೋಡಿದಳು. ಅಮ್ಮನಿಗೆ ಜ್ವರ ಇದೆಯೋ ಇಲ್ಲವೋ ಎಂದು ನೋಡುವಂತೆ.

"ದಿನಕ್ಕೆ ಎಷ್ಟು ಸಲ ಹೋಗ್ತೀಯ?"

"ನೀನೇ ಹೇಳು."

"ಒಂದ್ಸಲ. ಸಂಜೆ. ಹತ್ತು ನಿಮಿಷ."

"ಕಾಲು ಗಂಟೆ" ಎಂದಳು ಸಿಸ್ಟರ್. "ಡ್ಯೂಟಿ ಬದಲಾಗೋ ಹೊತ್ತಲ್ಲಿ ಹತ್ತು ನಿಮಿಷಕ್ಕೆ ಯಾರೂ ಲೈನಿಗೇ ಸಿಗಲ್ಲ."

"ಹನ್ನೆರಡು."

"ಆಯ್ತು."

ಮೇಷ್ಟ್ರು ಅಷ್ಟರಲ್ಲಿ ಹಾಳೆಯ ಅಂಚಿನಲ್ಲಿ ಹನ್ನೆರಡು ಎಂದು ಬರೆದುಕೊಂಡದ್ದನ್ನು ನೋಡಿ ಅಜ್ಜಿ ಅವರ ಕೈಯಿಂದ ಪೆನ್ನು ಕಿತ್ತುಕೊಂಡರು.

ಕುಳ್ಳಿ ಎದ್ದಳು. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತಳು. "ದೊಡ್ಡಮ್ಮಂಗೆ ನಾನು ಅಲ್ಲಿಗೆ ಬರಲ್ಲ ಅಂತ ನೀನೇ ಹೇಳ್ಬೇಕು ಅಮ್ಮ. ಅವರು ಆಗ್ಲೇ ಹಾಸಿಗೆ ರೆಡಿ ಮಾಡಿಟ್ಟಿದಾರೆ, ಬೈತಾರೆ."

"ಬೈಸ್ಕೋತೀನಿ" ಎಂದಳು ಸಿಸ್ಟರ್, ಮತ್ತೆ ಫೋನ್ ಕೈಗೆತ್ತಿಕೊಳ್ಳುತ್ತ. ಈ ಒಂದು ಕರೆಗೆ ಮಗಳ ಅಡ್ಡಿಯಿರಲಿಲ್ಲ.